ಉಳಿದ ಅನ್ನ ಫ್ರಿಜ್ಜಿಗಲ್ಲ, ಫ್ರೀಜರಿಗೆ

ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಅನ್ನ ಒಂದು ಕಡೆ ನಾಲಿಗೆ ಸುಡುತ್ತದೆ, ಇನ್ನೊಂದು ಕಡೆ ತಣ್ಣಗಿರುತ್ತದೆ, ಅಂಚೆಲ್ಲ ಬಿರುಸು. ನಮ್ಮವರ ಮನೆಗಳಲ್ಲಿ ಈ ದೂರು ಕೇಳದ ದಿನವಿಲ್ಲ. ನಾನಿರುವ ಟೋಕಿಯೋದಲ್ಲಿ ಮನೆಮನೆಯಲ್ಲೂ ಅನ್ನವನ್ನು ಇದೇ ಪೆಟ್ಟಿಗೆಯಲ್ಲಿ ಬಿಸಿ ಮಾಡುತ್ತಾರೆ. ಅದು ಆಗತಾನೇ ಒಲೆಯಿಂದ ಇಳಿಸಿದ ಹಾಗಿರುತ್ತದೆ. ಯಂತ್ರ ಹೆಚ್ಚುಕಡಿಮೆ ಒಂದೇ. ಹಿಂದಿನ ರಾತ್ರಿ ಅನ್ನವನ್ನು ಎಲ್ಲಿಟ್ಟರು, ಹೇಗಿಟ್ಟರು ಅನ್ನುವುದರಲ್ಲೇ ವ್ಯತ್ಯಾಸವೆಲ್ಲ ಇದೆ.

ನಾವು ಉಳಿದ ಅನ್ನವನ್ನು ಪಾತ್ರೆ ಸಮೇತ ಫ್ರಿಜ್ಜಿನಲ್ಲಿಡುತ್ತೇವೆ. ಬೆಂದ ಅಕ್ಕಿಯ ಪಿಷ್ಟ ತಣ್ಣಗಾದಂತೆ ಮತ್ತೆ ಬಿಗಿಯಾಗುತ್ತದೆ, ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಇದು ತುಂಬ ವೇಗವಾಗಿ ನಡೆಯುವುದು ಫ್ರಿಜ್ಜಿನ ತಂಪಿನಲ್ಲೇ, ಅಂದರೆ ಸುಮಾರು 4 ಡಿಗ್ರಿಯಲ್ಲಿ. ಪೂರ್ತಿ ಹೆಪ್ಪುಗಟ್ಟಿದರೆ ಅದು ನಿಂತೇಹೋಗುತ್ತದೆ. ಜಪಾನಿನವರು ಮಾಡುವುದು ಇದನ್ನೇ. ಊಟಕ್ಕೆ ಬೇಕಾದಷ್ಟು ಅನ್ನ ತೆಗೆದುಕೊಂಡು, ಉಳಿದದ್ದು ಬಿಸಿಯಾಗಿರುವಾಗಲೇ ಒಬ್ಬೊಬ್ಬರ ಪಾಲಿನಂತೆ ಸುಮಾರು 150 ಗ್ರಾಂ ಲೆಕ್ಕದಲ್ಲಿ ತೆಳ್ಳಗೆ, ಚಪ್ಪಟೆಯಾಗಿ ಹರಡಿ ಅಡುಗೆಗೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುತ್ತಾರೆ. ಬಿಸಿಯಲ್ಲೇ ಸುತ್ತುವುದರಿಂದ ಹಬೆ ಹೊರಗೆ ಹೋಗದೆ ಅನ್ನದಲ್ಲೇ ಉಳಿಯುತ್ತದೆ. ಕೈಗೆ ಬಿಸಿ ತಾಗದಷ್ಟು ಆರಿದ ಮೇಲೆ ಫ್ರೀಜರಿಗೆ ಹೋಗುತ್ತದೆ.

ನಿಶಿಕಸೈ ಕಡೆಯ ಭಾರತೀಯ ಅಂಗಡಿಗಳಿಂದ ತಂದ ಸೋನಾ ಮಸೂರಿಗೂ ನಾನು ಇದನ್ನೇ ಮಾಡುತ್ತೇನೆ. ಆದರೆ ಒಂದು ತಿದ್ದುಪಡಿ ಬೇಕು. ಜಪಾನಿನ ಅಕ್ಕಿ ಅಂಟಂಟು, ತಣ್ಣಗಾದರೂ ಸ್ವಲ್ಪ ಮೆತ್ತಗೇ ಇರುತ್ತದೆ. ನಮ್ಮ ಉದುರುದುರು ಅನ್ನ ಜಾಸ್ತಿ ಗಟ್ಟಿಯಾಗುತ್ತದೆ. ಹಾಗಾಗಿ ಬಿಸಿ ಮಾಡುವ ಮುಂಚೆ ಒಂದು ಪಾಲಿನ ಮೇಲೆ ಒಂದು ದೊಡ್ಡ ಚಮಚ ನೀರು ಚಿಮುಕಿಸಲೇಬೇಕು. ಎರಡು ಮೂರು ವಾರದೊಳಗೆ ತಿಂದು ಮುಗಿಸಿದರೆ ರುಚಿ ಚೆನ್ನಾಗಿರುತ್ತದೆ.

ಆರಲಿ ಅಂತ ಅನ್ನವನ್ನು ಅಡುಗೆಮನೆಯಲ್ಲಿ ರಾತ್ರಿಯಿಡೀ ಬಿಡಬಾರದು, ಇದನ್ನು ಒತ್ತಿ ಹೇಳುತ್ತೇನೆ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಬೇಯಿಸಿದರೂ ಪೂರ್ತಿ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಚಪ್ಪಟೆಯಾಗಿ ಹರಡಿದ ಅನ್ನ ಬೇಗ ಆರುತ್ತದೆ, ಒಂದು ಗಂಟೆಯೊಳಗೆ ಒಳಗಿಟ್ಟುಬಿಡಬಹುದು. ಕುಕ್ಕರ್ ತುಂಬ ಇರುವ ಅನ್ನ ಅಷ್ಟು ಬೇಗ ಆರುವುದಿಲ್ಲ, ಅಲ್ವಾ?

ಚಪ್ಪಟೆ ಯಾಕೆ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೈಕ್ರೋವೇವಿನ ಅಲೆ ಆಹಾರದೊಳಗೆ ಎರಡು ಮೂರು ಸೆಂಟಿಮೀಟರಿನಷ್ಟು ಮಾತ್ರ ಚೆನ್ನಾಗಿ ಇಳಿಯುತ್ತದೆ. ಗುಡ್ಡೆ ಹಾಕಿದ ಅನ್ನದ ನಡುಭಾಗಕ್ಕೆ ಬಿಸಿ ಹೊರಗಿನಿಂದ ನಿಧಾನವಾಗಿ ಹರಿದು ಹೋಗಬೇಕು. ಅಷ್ಟರಲ್ಲಿ ಅಂಚು ಒಣಗಿರುತ್ತದೆ. ಹೆಪ್ಪುಗಟ್ಟಿದ ಅನ್ನದಲ್ಲಿ ಇದು ಇನ್ನೂ ಜಾಸ್ತಿ. ಮಂಜುಗಡ್ಡೆ ಈ ಅಲೆಯನ್ನು ಅಷ್ಟಾಗಿ ಹೀರಿಕೊಳ್ಳುವುದಿಲ್ಲ, ಕರಗಿದ ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಎಲ್ಲಿ ಮೊದಲು ಕರಗಿತೋ ಅಲ್ಲೇ ಕುದಿ ಶುರು, ಪಕ್ಕದಲ್ಲಿ ಇನ್ನೂ ಗಡ್ಡೆ.

ಅದಕ್ಕೇ ನಾನು ಎರಡು ಸಲಕ್ಕೆ ಬಿಸಿ ಮಾಡುತ್ತೇನೆ. 150 ಗ್ರಾಂ ಗಡ್ಡೆಯನ್ನು ಪಿಂಗಾಣಿ ಬಟ್ಟಲಿಗೆ ಹಾಕಿ, ನೀರು ಚಿಮುಕಿಸಿ, ಮೇಲೊಂದು ತಟ್ಟೆ ಮುಚ್ಚಿ 600 ವ್ಯಾಟಿನಲ್ಲಿ ಒಂದೂವರೆ ನಿಮಿಷ. ಹೊರತೆಗೆದು ಚಮಚದಿಂದ ಬಿಡಿಸಿ, ನಡುವೆ ಗುಳಿ ಮಾಡಿ ಅನ್ನವನ್ನು ಸುತ್ತ ಸರಿಸುತ್ತೇನೆ. ಮತ್ತೆ ಮುಚ್ಚಿ ಇನ್ನೊಂದು ನಿಮಿಷ. ತಟ್ಟೆ ತೆಗೆಯದೆ ಒಂದು ನಿಮಿಷ ಹಾಗೇ ಬಿಡುತ್ತೇನೆ. ಈ ಕಾಯುವ ನಿಮಿಷವನ್ನು ಬಿಡಬೇಡಿ. ಬಿಸಿ ಎಲ್ಲ ಕಡೆ ಹರಡುವುದು, ಹಬೆ ಅಗುಳಿನೊಳಗೆ ಇಳಿಯುವುದು ಆಗಲೇ. ಆಗಿದೆಯೋ ಇಲ್ಲವೋ ನೋಡಲು ಬಟ್ಟಲಿನ ತಳದ ನಡುಭಾಗವನ್ನು ಮುಟ್ಟಿ ನೋಡಿ. ಅಂಚು ಸುಡುತ್ತಿದ್ದು ತಳ ತಣ್ಣಗಿದ್ದರೆ ಒಳಗಿನ್ನೂ ಬಿಸಿ ತಲುಪಿಲ್ಲ.

ಇಲ್ಲಿನ ಅಡುಗೆ ಪುಸ್ತಕಗಳಲ್ಲಿ ಬರೀ 'ಮೂರು ನಿಮಿಷ' ಅಂತ ಇರುವುದಿಲ್ಲ. '500 ವ್ಯಾಟಿನಲ್ಲಿ ಮೂರು ನಿಮಿಷ' ಅಂತಿರುತ್ತದೆ. ನಮ್ಮ ಬರಹಗಳಲ್ಲೂ ಇದು ಬರಬೇಕು ಅನ್ನುವುದು ನನ್ನ ಬಲವಾದ ಅನಿಸಿಕೆ. ವ್ಯಾಟನ್ನು ನಿಮಿಷದಿಂದ ಗುಣಿಸಿದರೆ ಸಿಗುವ ಮೊತ್ತ ಒಂದೇ ಇರಬೇಕು, ಅಷ್ಟೇ ಲೆಕ್ಕ. 500 ವ್ಯಾಟಿನ ಮೂರು ನಿಮಿಷ 600 ವ್ಯಾಟಿನಲ್ಲಿ ಎರಡೂವರೆ ನಿಮಿಷ, 750ರಲ್ಲಿ ಎರಡು. ಯಂತ್ರದ ಹಿಂದಿನ ಚೀಟಿಯಲ್ಲಿ ಎರಡು ಅಂಕಿ ಇರಬಹುದು. ದೊಡ್ಡದು ಅದು ಎಳೆಯುವ ಕರೆಂಟು. ಅಡುಗೆಗೆ ಬೇಕಾದದ್ದು ಚಿಕ್ಕದು. ಇನ್ನು, ತಿರುಗುವ ತಟ್ಟೆಯಿದ್ದರೆ ಬಟ್ಟಲನ್ನು ನಡುವೆ ಇಡದೆ ಅಂಚಿಗೆ ಸರಿಸಿ. ನಡುವೆ ಇಟ್ಟದ್ದು ತಿರುಗಿದರೂ ಜಾಗ ಬದಲಿಸುವುದಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿರುವ ಸಪಾಟು ತಳದ ಯಂತ್ರಗಳಲ್ಲಿ ಮಾತ್ರ ನಡುವೆಯೇ ಇಡಬೇಕು.

ತರಕಾರಿಯ ವಿಷಯದಲ್ಲಿ ನಾನು ಜಪಾನಿನವರ ದಾರಿಯನ್ನು ಪೂರ್ತಿ ಒಪ್ಪುವುದಿಲ್ಲ. ಇಲ್ಲಿ ತೊಳೆದ ತರಕಾರಿಯನ್ನು ಅದರ ಮೇಲಿನ ನೀರಿನಲ್ಲೇ ಸುತ್ತಿ ಬೇಯಿಸುತ್ತಾರೆ. ಹಲ್ಲಿಗೆ ಕರುಂ ಅನ್ನುವ ತರಕಾರಿ ಅವರಿಗೆ ಇಷ್ಟ, ಅದಕ್ಕೆ ಅಷ್ಟು ನೀರು ಸಾಕು. ನಮ್ಮ ಬೀನ್ಸ್ ಪಲ್ಯಕ್ಕೆ ಕಾಯಿ ಮೆತ್ತಗಾಗಬೇಕು. ಹಾಗೆಂದು ಅದೇ ರೀತಿಯಲ್ಲಿ ಸಮಯ ಮಾತ್ರ ಹೆಚ್ಚಿಸಿದರೆ, ಕಾಯಿ ಬೇಯುವ ಮೊದಲೇ ನೀರೆಲ್ಲ ಹೋಗಿ ಸಿಪ್ಪೆ ಸುಕ್ಕಾಗುತ್ತದೆ, ಅಗಿದರೆ ತೊಗಲು.

ಕಾಲು ಕಿಲೋ ಬೀನ್ಸನ್ನು ಒಂದೇ ಅಳತೆಗೆ, ಸಣ್ಣಗೆ ಹೆಚ್ಚಿ. ಅಗಲವಾದ ಗಾಜಿನ ಡಬ್ಬಿಯಲ್ಲಿ ಹರಡಿ ಮೂರು ದೊಡ್ಡ ಚಮಚ ನೀರು ಹಾಕಿ. ಉಪ್ಪು ಈಗ ಬೇಡ. ಮೇಲೆ ಉದುರಿಸಿದ ಉಪ್ಪು ಕೂತ ಕಡೆ ಕಾಯಿ ಬೇಗ ಒಣಗುತ್ತದೆ. ಮುಚ್ಚಳವನ್ನು ಬಿಗಿಯಾಗಿ ಹಾಕದೆ ಮೇಲಿಟ್ಟು 600 ವ್ಯಾಟಿನಲ್ಲಿ ಮೂರು ನಿಮಿಷ ಬೇಯಿಸಿ, ಕಲಕಿ, ಮತ್ತೆ ಮೂರು ನಿಮಿಷ. ಎರಡು ನಿಮಿಷ ಮುಚ್ಚಿಡಿ. ಒಂದು ತುಂಡನ್ನು ಉಗುರಿನಿಂದ ಒತ್ತಿ ನೋಡಿ, ಸಲೀಸಾಗಿ ತುಂಡಾಗಬೇಕು. ಇಲ್ಲದಿದ್ದರೆ ಇನ್ನೊಂದು ಚಮಚ ನೀರು ಹಾಕಿ ಒಂದು ನಿಮಿಷ. ಕಾಯಿ ಬಲಿತಿದ್ದರೆ ಜಾಸ್ತಿ ಬೇಕಾಗುತ್ತದೆ.

ಅಷ್ಟು ಹೊತ್ತಿಗೆ ಒಲೆಯ ಮೇಲೆ ಬಾಣಲೆ ಕಾದಿರಲಿ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು. ಬೆಂದ ಬೀನ್ಸ್ ಹಾಕಿ, ಉಪ್ಪು ಬೆರೆಸಿ, ಉಳಿದ ನೀರು ಆರುವವರೆಗೆ ಕೈಯಾಡಿಸಿ ಕಾಯಿತುರಿ ಹಾಕಿದರೆ ಆಯಿತು. ಒಗ್ಗರಣೆಯನ್ನೂ ಮೈಕ್ರೋವೇವಿನಲ್ಲೇ ಮಾಡುವ ವಿಧಾನಗಳನ್ನು ಓದಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ಎಣ್ಣೆ ಈ ಅಲೆಯನ್ನು ನೀರಿನಷ್ಟು ಹೀರಿಕೊಳ್ಳುವುದಿಲ್ಲ. ಸಾಸಿವೆ ಚಟಪಟ ಸಿಡಿಯುವ ಹೊತ್ತಿಗೆ ಬೇಳೆ ಕಪ್ಪಾಗಿದೆಯೋ ಇಲ್ಲವೋ ಬಾಗಿಲ ಹೊರಗಿಂದ ತಿಳಿಯುವುದೂ ಇಲ್ಲ.

ಫ್ರಿಜ್ಜಿನ ಅನ್ನಕ್ಕೂ ಒಂದು ಜಾಗವಿದೆ. ಚಿತ್ರಾನ್ನಕ್ಕೆ ಅದೇ ಒಳ್ಳೆಯದು, ಗಟ್ಟಿಯಾದ ಅಗುಳು ಒಡೆಯದೆ ಬಿಡಿಬಿಡಿಯಾಗಿ ಹುರಿಯುತ್ತದೆ. ಬೆಂಡೆಕಾಯಿಯನ್ನಂತೂ ಮುಚ್ಚಿದ ಡಬ್ಬಿಗೆ ಹಾಕಲೇಬೇಡಿ. ಒಳಗಿನ ಹಬೆಗೆ ಲೋಳೆ ಹೆಚ್ಚುತ್ತದೆ, ಅದಕ್ಕೆ ಬಾಣಲೆಯೇ ಸರಿ.