304ನೇ ರೂಮಿನ ಗರಡಿಮನೆ

ಕಂಪನಿಯ ಕೆಲಸಕ್ಕೆಂದು ತಿಂಗಳಿಗೊಮ್ಮೆ ಮುಂಬಯಿಗೆ ಹೋಗುವ ನಾನು ಅಂಧೇರಿಯಲ್ಲಿ ಇಳಿದುಕೊಳ್ಳುವ ರೂಮಿನಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಉಳಿಯುವುದು ಒಂದು ಚಾಪೆಯಷ್ಟು ಜಾಗ. ಎಂಟಕ್ಕೆ ಕಾರು ಬರುವುದರಿಂದ, ಸ್ನಾನ ತಿಂಡಿಗಳನ್ನು ಕಳೆದರೆ ವ್ಯಾಯಾಮಕ್ಕೆ ದಕ್ಕುವುದು ಇಪ್ಪತ್ತೇ ನಿಮಿಷ. ಮೊದಲ ಸಲ ಅಷ್ಟನ್ನೂ ಕುಪ್ಪಳಿಸಿಯೇ ಮುಗಿಸಲು ಹೊರಟಿದ್ದೆ. ಐದನೇ ನಿಮಿಷಕ್ಕೆ ಕೌಂಟರಿನಿಂದ ಫೋನು ಬಂತು. "ಸಾರ್, ಮೇಲೆ ಏನೋ ಬೀಳ್ತಾ ಉಂಟಂತೆ, ಕೆಳಗಿನ ರೂಮಿನವರು ಹೇಳ್ತಿದ್ದಾರೆ," ಎಂದರು ಉಡುಪಿ ಕಡೆಯ ಮ್ಯಾನೇಜರು. ಬೀಳುತ್ತಿದ್ದವನು ನಾನೇ ಎಂದು ಹೇಳಲು ನಾಲಿಗೆ ಬರಲಿಲ್ಲ.

ಅಂದಿನಿಂದ ನಮ್ಮ ಗರಡಿಮನೆಯ ದಂಡ, ಬಸ್ಕಿಗಳಿಗೇ ಶರಣಾಗಿದ್ದೇನೆ. ಪೈಲ್ವಾನರು ಅವನ್ನು ನೂರುಗಟ್ಟಲೆ ಹೊಡೆಯುತ್ತಾರೆ; ಅಷ್ಟು ಪುರುಸೊತ್ತಿಲ್ಲದ ನಾನು ನಿಧಾನ ಮಾಡುತ್ತೇನೆ. ಮೂರು ಸೆಕೆಂಡು ಇಳಿಯುವುದು, ಒಂದು ಸೆಕೆಂಡು ನಿಲ್ಲುವುದು, ಒಂದರಲ್ಲಿ ಏಳುವುದು: ಹೀಗೆ ನಲವತ್ತು ಸೆಕೆಂಡಿಗೆ ಎಂಟೇ ಆಗುತ್ತವೆ, ಆದರೆ ಎಂಟನೆಯದಕ್ಕೆ ತೊಡೆ ನಡುಗುತ್ತದೆ. ಆಮೇಲೆ ಇಪ್ಪತ್ತು ಸೆಕೆಂಡು ವಿಶ್ರಾಂತಿ. ಮೂರು ನಿಮಿಷ ಮೈ ಬಿಸಿಮಾಡಿಕೊಂಡು, ಬಲಗಾಲು, ಎಡಗಾಲು, ದಂಡ, ಎಳೆತ, ಮೊಣಕೈ ಊರಿ ಹಲಗೆಯಂತೆ ನಿಲ್ಲುವುದು ಎಂಬ ಐದು ನಿಮಿಷದ ಸುತ್ತನ್ನು ಮೂರು ಸಲ ಹಾಕಿದರೆ, ಮೈ ಸಡಿಲಿಸಲು ಇನ್ನೆರಡು ನಿಮಿಷ ಉಳಿಯುತ್ತವೆ.

ಕಾಲಿನ ಬಸ್ಕಿಗೆ ಮಂಚವೇ ಸಾಧನ. ಹಿಂದಿನ ಪಾದದ ಮೇಲ್ಭಾಗವನ್ನು ಹಾಸಿಗೆಯ ಅಂಚಿಗೆ ಒರಗಿಸಿ, ಮುಂದಿನ ಕಾಲಿನ ಮೇಲೆಯೇ ಭಾರ ಹಾಕಿ ಇಳಿಯಬೇಕು. ಇಳಿಯುವಾಗ ಮುಂದಿನ ಹಿಮ್ಮಡಿ ನೆಲ ಬಿಟ್ಟರೆ ಆ ಕಾಲು ಮಂಚಕ್ಕೆ ತೀರಾ ಹತ್ತಿರವಿದೆ ಎಂದರ್ಥ. ಒಂದು ಗೇಣು ಮುಂದಿಟ್ಟರೆ ಸರಿಹೋಗುತ್ತದೆ. ಮಂಚ ಮೊಣಕಾಲಿಗಿಂತ ಎತ್ತರವಿದ್ದರೆ ಸೊಂಟ ಹಿಂದಕ್ಕೆ ಬಾಗುತ್ತದೆ, ಆಗ ತಗ್ಗಿನ ಸ್ಟೂಲೇ ವಾಸಿ. ನುಣುಪು ಟೈಲ್ಸಿನ ಮೇಲೆ ಸಾಕ್ಸು ಹಾಕಿಕೊಂಡು ಇದನ್ನು ಮಾಡಬಾರದು ಎಂಬುದನ್ನು ನಾನು ಕಲಿತ ಬಗೆಯನ್ನು ಇಲ್ಲಿ ಹೇಳುವುದಿಲ್ಲ.

ಬರಿಗೈ ವ್ಯಾಯಾಮದ ನಿಜವಾದ ಕೊರತೆ ಇರುವುದು ಬೆನ್ನಿಗೆ. ತಳ್ಳುವುದಕ್ಕೆ ನೆಲವಿದೆ, ಎಳೆಯುವುದಕ್ಕೆ ಏನೂ ಇಲ್ಲ. ಬಾಗಿಲಿಗೆ ಟವೆಲ್ ಸಿಕ್ಕಿಸಿ ಜಗ್ಗುವವರಿದ್ದಾರೆ, ಆದರೆ ಹಳೆಯ ಚಿಲಕದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅದಕ್ಕೇ ಬೆನ್ನುಚೀಲದಿಂದ ಲ್ಯಾಪ್‌ಟಾಪ್ ತೆಗೆದಿಟ್ಟು, ಲೀಟರಿನ ನೀರಿನ ಬಾಟಲಿಗಳನ್ನೂ ಫೈಲುಗಳನ್ನೂ ತುಂಬಿಸುತ್ತೇನೆ. ಒಂದು ಕೈಯನ್ನು ಮಂಚಕ್ಕೆ ಊರಿ ಬೆನ್ನು ನೆಟ್ಟಗಿಟ್ಟುಕೊಂಡೇ ಬಾಗಿ, ಇನ್ನೊಂದು ಕೈಯಿಂದ ಚೀಲವನ್ನು ಸೊಂಟದತ್ತ ಎಳೆದು ಎರಡು ಸೆಕೆಂಡು ಹಿಡಿಯುತ್ತೇನೆ. ಅರ್ಧ ಹೊತ್ತಿಗೆ ಕೈ ಬದಲಾಯಿಸುತ್ತೇನೆ. ಆರೇಳು ಕಿಲೋದಿಂದ ಬೆನ್ನೇನೂ ಬೆಳೆಯುವುದಿಲ್ಲ, ಆದರೂ ದಿನವಿಡೀ ಕುರ್ಚಿಯಲ್ಲಿ ಮುದುಡುವ ಭುಜ ಹಿಂದಕ್ಕೆ ಸರಿಯುತ್ತದೆ.

ಕಳೆದ ಸಲ ಅವಸರದಲ್ಲಿ ಬಾಟಲಿ ತೆಗೆಯಲು ಮರೆತು ಹೊರಟಿದ್ದೆ. ಗ್ರಾಹಕರ ಎದುರು ಚೀಲ ಬಿಚ್ಚಿದರೆ ಐದು ಬಾಟಲಿ ನೀರು, ಲ್ಯಾಪ್‌ಟಾಪ್ ಇಲ್ಲ. ಅದು ಅಂಧೇರಿಯ ಮಂಚದ ಮೇಲೆ ವಿಶ್ರಾಂತಿ ಪಡೆಯುತ್ತಿತ್ತು.