ಚಾರ್ಜ್ ಇದ್ದವನೇ ಪ್ರಯಾಣಿಕ

ರೈಲಿನಲ್ಲಿ ಮೊದಲು ಎರಡೇ ಜಾತಿ ಇತ್ತು. ಟಿಕೆಟ್ ತಗೊಂಡವರು, ತಗೊಳ್ಳದವರು. ಈಗ ಮೂರನೆಯದೊಂದು ಹುಟ್ಟಿಕೊಂಡಿದೆ. ಇವರು ಟಿಕೆಟ್ ತಗೊಂಡಿರುತ್ತಾರೆ, ದುಡ್ಡೂ ಕಟ್ಟಿರುತ್ತಾರೆ, ಆದರೂ ಟಿಕೆಟ್ ಇಲ್ಲದವರ ಲೆಕ್ಕಕ್ಕೇ ಸೇರುತ್ತಾರೆ. ಗುರುತು ಹಿಡಿಯೋದು ಸುಲಭ. ಕೈಯಲ್ಲಿ ಕಪ್ಪಗಾದ ಮೊಬೈಲ್ ಇರುತ್ತದೆ. ಟಿಸಿ ಬೋಗಿಯ ಆ ತುದಿಯಲ್ಲಿ ಕಾಣಿಸಿದ್ದೇ ತಡ, ಅದರ ಪಕ್ಕದ ಗುಂಡಿಯನ್ನು ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಕಂಪನಿಯ ಹೆಸರು ಒಂದು ಕ್ಷಣ ಬೆಳಗಿ, ನಮಸ್ಕಾರ ಹೇಳಿ ಹೋಗುತ್ತದೆ.

ಮಂಡ್ಯದ ಒಬ್ಬ ರಿಟೈರ್ಡ್ ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ಕಷ್ಟವೇನಿಲ್ಲ, ಅಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಮೈಸೂರಿನ ಕುವೆಂಪುನಗರದಲ್ಲಿ ನೆಂಟರ ಮನೆಯ ನಾಮಕರಣ. ಚೆನ್ನೈಯಿಂದ ಬರುವ ಕಾವೇರಿ ಎಕ್ಸ್‌ಪ್ರೆಸ್ ಬೆಳಗ್ಗೆ ಸಿಗುತ್ತದೆ, ಜನರಲ್ ಬೋಗಿ ಸಾಕು. ಮಗ ಮೊನ್ನೆ ತಾನೇ ಮೊಬೈಲಿಗೆ ಟಿಕೆಟ್ ಆ್ಯಪ್ ಹಾಕಿಕೊಟ್ಟಿದ್ದಾನೆ. 'ಅಪ್ಪಾ, ಇನ್ಮೇಲೆ ಕ್ಯೂ ನಿಲ್ಬೇಡಿ' ಅಂದಿದ್ದಾನೆ.

ಮೇಷ್ಟ್ರು ಬುದ್ಧಿವಂತರು, ಮನೆಯಲ್ಲೇ ಟಿಕೆಟ್ ಮಾಡಿಕೊಂಡರು. ಸ್ಟೇಷನ್‌ಗೆ ಬಂದು ಮಾಡೋಣ ಅಂದುಕೊಂಡಿದ್ದರೆ ಆ್ಯಪ್ ಒಪ್ಪುತ್ತಿರಲಿಲ್ಲ. ಕಾಗದವಿಲ್ಲದ ಟಿಕೆಟ್ ಬೇಕಾದರೆ ನೀವು ರೈಲು ಹಳಿಯಿಂದ ಒಂದಿಷ್ಟು ದೂರ ಇರಬೇಕು. ಜಿಪಿಎಸ್ ನೋಡುತ್ತದೆ. ಟಿಸಿಯನ್ನು ಕಂಡ ಮೇಲೆ ಟಿಕೆಟ್ ಮಾಡುವ ಚಾಲಾಕಿಗಳನ್ನು ತಡೆಯೋಕೆ ಈ ಉಪಾಯ. ಕಾರಣ ಸರಿಯಾಗೇ ಇದೆ. ಆದರೆ ಫಲ ಏನಾಯ್ತು ಅಂದರೆ, ರೈಲು ಟಿಕೆಟ್ ಬೇಕಾದವನು ಮೊದಲು ರೈಲಿನಿಂದ ದೂರ ಹೋಗಬೇಕು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತವನಿಗೆ ಟಿಕೆಟ್ ಇಲ್ಲ, ಹೊರಗೆ ಆಟೋ ಸ್ಟ್ಯಾಂಡಿನಲ್ಲಿ ನಿಂತವನಿಗೆ ಉಂಟು. ಸ್ಟೇಷನ್‌ನಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಳಗೂ ಸಿಗುತ್ತದೆ, ಅದು ಬೇರೆ ಮಾತು. ಅದು ಯಾವ ಗೋಡೆಯಲ್ಲಿದೆ ಅಂತ ಹುಡುಕುವಷ್ಟರಲ್ಲಿ ಕೌಂಟರ್ ಕ್ಯೂ ಖಾಲಿಯಾಗಿರುತ್ತದೆ.

ಟಿಕೆಟ್ ಆಯ್ತು. ಮೂರು ಗಂಟೆಯೊಳಗೆ ಹೊರಡಬೇಕು, ಮನಸ್ಸು ಬದಲಾದರೆ ರದ್ದು ಮಾಡುವ ಹಾಗಿಲ್ಲ. ಮೇಷ್ಟ್ರ ಮನಸ್ಸು ಬದಲಾಗಲಿಲ್ಲ, ಬ್ಯಾಟರಿ ಬದಲಾಯಿತು. ಬೆಳಗ್ಗೆ ಎದ್ದವರೇ ಅರವತ್ತು ಜನಕ್ಕೆ ಗುಲಾಬಿ ಹೂವಿನ ಶುಭೋದಯ ಕಳಿಸಿದ್ದರು. ಬರುವ ನೂರಿಪ್ಪತ್ತು ಹೂವನ್ನೂ ನೋಡಿದ್ದರು. ಪಾಂಡವಪುರ ದಾಟುವಾಗ ಮೊಬೈಲ್ ಕಣ್ಣು ಮುಚ್ಚಿತು. ಟಿಸಿ ಸರಿಯಾಗಿ ಆಗಲೇ ಬಂದರು.

'ಟಿಕೆಟ್?'

'ಇದೆ ಸಾರ್, ಒಳಗಿದೆ.'

'ಎಲ್ಲಿ ಒಳಗೆ?'

ಮೇಷ್ಟ್ರು ಕಪ್ಪು ಗಾಜನ್ನು ತೋರಿಸಿದರು. ಅದರಲ್ಲಿ ಟಿಸಿಗೆ ಅವರದೇ ಮುಖ ಕಂಡಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನೆಟ್‌ವರ್ಕ್ ಇಲ್ಲದಿರೋದು ಬೇರೆ, ಚಾರ್ಜ್ ಇಲ್ಲದಿರೋದು ಬೇರೆ. ಕಾಗದವಿಲ್ಲದ ಜನರಲ್ ಟಿಕೆಟ್ ಮೊಬೈಲ್ ಒಳಗೇ ಉಳಿದಿರುತ್ತದೆ. ಆ್ಯಪ್‌ನಲ್ಲಿ `Show Ticket` ಒತ್ತಿದರೆ ನೆಟ್ ಇಲ್ಲದೆಯೂ ತೆರೆಯಬೇಕು. ಟವರ್ ಸಿಗದಿದ್ದರೆ ಭಯ ಬೇಡ. ಆದರೆ ಮೊಬೈಲೇ ಆಫ್ ಆದರೆ ಆ ಟಿಕೆಟ್ ಇಲ್ಲ. 'ಅದಕ್ಕೇ ನಾನು ಸ್ಕ್ರೀನ್‌ಶಾಟ್ ತೆಗೆದು ಹೆಂಡತಿಗೂ ಕಳಿಸಿದ್ದೀನಿ' ಅಂತ ಜಾಣರು ಹೇಳುತ್ತಾರೆ. ನಡೆಯಲ್ಲ. ಸ್ಕ್ರೀನ್‌ಶಾಟ್ ಹೆಂಡತಿಗೆ ಹೋದ ಹಾಗೇ ಊರಿಗೂ ಹೋಗಬಹುದು, ಒಂದೇ ಟಿಕೆಟ್‌ನಲ್ಲಿ ಇಡೀ ಕೇರಿ ಮೈಸೂರಿಗೆ ಹೊರಡಬಹುದು. ಹಾಗಾಗಿ ಯಾವ ಮೊಬೈಲಿನಲ್ಲಿ ಟಿಕೆಟ್ ಮಾಡಿದಿರೋ ಅದರ ಆ್ಯಪ್‌ನಲ್ಲೇ ತೋರಿಸಬೇಕು. ಜನರಲ್ ಬೋಗಿಗೆ ನಿಮ್ಮ ಹೆಸರು ಬರೆದ ಪಟ್ಟಿ ಇಲ್ಲ. ಟಿಸಿಗೆ ಹುಡುಕೋಕೆ ಬೇರೆ ಜಾಗವೇ ಇಲ್ಲ.

ಈಗ ಕಾನೂನು. ಟಿಕೆಟ್ ತೋರಿಸದಿದ್ದರೆ 1989ರ ರೈಲ್ವೆ ಕಾಯ್ದೆಯ 138ನೇ ಸೆಕ್ಷನ್ ಎದ್ದು ನಿಲ್ಲುತ್ತದೆ. ಪ್ರಯಾಣದ ದರ ಕಟ್ಟಬೇಕು. ಅದರ ಮೇಲೆ ಅಷ್ಟೇ ದಂಡ, ಅಥವಾ 250 ರೂಪಾಯಿ, ಯಾವುದು ಜಾಸ್ತಿಯೋ ಅದು. ಮಜಾ ಇರೋದು ಮುಂದೆ. ನೀವು ಎಲ್ಲಿ ಹತ್ತಿದಿರಿ ಅನ್ನೋದರಲ್ಲಿ ಅನುಮಾನ ಬಂದರೆ, ರೈಲು ಹೊರಟ ಜಾಗದಿಂದಲೇ ದರ ಲೆಕ್ಕ ಹಾಕಬಹುದು. ನಡುವೆ ಎಲ್ಲಾದರೂ ಟಿಕೆಟ್ ಚೆಕ್ ಆಗಿದ್ದರೆ ಅಲ್ಲಿಂದ.

ಮೇಷ್ಟ್ರು ಮಂಡ್ಯದಲ್ಲಿ ಹತ್ತಿದ್ದಕ್ಕೆ ಸಾಕ್ಷಿ ಸತ್ತ ಮೊಬೈಲಿನ ಒಳಗಿದೆ. ರೈಲು ಹೊರಟಿದ್ದು ಚೆನ್ನೈಯಿಂದ. ಅಂದರೆ ಬೆಳಗ್ಗೆ ಮಂಡ್ಯದ ಮನೆಯಲ್ಲಿ ಉಪ್ಪಿಟ್ಟು ತಿಂದು ಹೊರಟ ಮನುಷ್ಯ, ಕಾನೂನಿನ ಕಣ್ಣಿಗೆ ರಾತ್ರಿಯಿಡೀ ತಮಿಳುನಾಡಿನಿಂದ ಜನರಲ್ ಬೋಗಿಯಲ್ಲಿ ಕೂತು ಬಂದಿರಬಹುದು. ಸುಮಾರು 45 ಕಿಲೋಮೀಟರ್ ಪ್ರಯಾಣ 500 ಆಗಬಹುದು. ಅವರ ಬಟ್ಟೆಯ ಇಸ್ತ್ರಿ ನೋಡಿ ಟಿಸಿ ನಂಬಿದರು ಅಂತಿಟ್ಟುಕೊಳ್ಳೋಣ. 'ಆಯ್ತು ಮೇಷ್ಟ್ರೇ, ಮಂಡ್ಯದಿಂದಲೇ ಹಾಕ್ತೀನಿ. ದರ ಪ್ಲಸ್ 250. ಫೋನ್‌ಪೇ ಮಾಡ್ತೀರಾ?'

ಮೇಷ್ಟ್ರು ಮತ್ತೆ ಕಪ್ಪು ಗಾಜನ್ನು ನೋಡಿದರು.

ಎದುರು ಸೀಟಿನಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಗೌಡರು ಅಂಗಿ ಜೇಬಿನಿಂದ ಮಡಚಿದ ಟಿಕೆಟ್ ತೆಗೆದರು. ಸುಣ್ಣ ಮೆತ್ತಿಕೊಂಡಿತ್ತು, ಒಂದು ಮೂಲೆ ಹರಿದಿತ್ತು. ಟಿಸಿ ನೋಡಿ ವಾಪಸ್ ಕೊಟ್ಟರು. 'ನಂದೂ ನೆನ್ನೆಯಿಂದ ಸ್ವಿಚ್ ಆಫೇ ಸಾ, ಯಾರ್ಗೂ ತೊಂದ್ರೆ ಆಗ್ಲಿಲ್ಲ' ಅಂದರು ಗೌಡರು. ಕೊನೆಗೆ ದಂಡದ ದುಡ್ಡು ಸಾಲ ಕೊಟ್ಟವರೂ ಅವರೇ. ಟಿಸಿ ರಸೀದಿ ಪುಸ್ತಕ ತೆಗೆದು, ಕಾರ್ಬನ್ ಇಟ್ಟು, ಒತ್ತಿ ಬರೆದು ಹರಿದು ಕೊಟ್ಟರು. ಕಾಗದರಹಿತ ಪ್ರಯಾಣದಲ್ಲಿ ದಂಡ ಮಾತ್ರ ಇನ್ನೂ ಕಾಗದದಲ್ಲಿದೆ. ಅದನ್ನು ಎಲ್ಲಿ ಬೇಕಾದರೂ ತೋರಿಸಬಹುದು.

ಇದೇ ಮೇಷ್ಟ್ರು, ಇದೇ ಸತ್ತ ಮೊಬೈಲ್, ಇದೇ ರೈಲು. ಆದರೆ ನಾಲ್ಕು ಬೋಗಿ ಆಚೆ ರಿಸರ್ವ್ ಸೀಟಿನಲ್ಲಿ ಕೂತಿದ್ದರೆ ಕತೆ ಬೇರೆ. ಅಲ್ಲಿ ಹೆಸರು ಚಾರ್ಟ್‌ನಲ್ಲಿರುತ್ತದೆ. ಬುಕ್ ಮಾಡಿದಾಗ ಬರುವ ಎಸ್ಸೆಮ್ಮೆಸ್ ಸಾಕು, ಪ್ರಿಂಟ್ ಕಡ್ಡಾಯವಿಲ್ಲ. ಮೊಬೈಲ್ ಕೆಟ್ಟು ಆ ಎಸ್ಸೆಮ್ಮೆಸ್ ಕೂಡ ತೋರಿಸಲಾಗದಿದ್ದರೆ? ಗುರುತಿನ ಚೀಟಿ ತೋರಿಸಿದರೆ ಟಿಕೆಟ್ಟಿಗೆ 50 ರೂಪಾಯಿ ದಂಡ, ಅಷ್ಟೇ. ತಲೆಗೆ 50 ಅಲ್ಲ, ಟಿಕೆಟ್ಟಿಗೆ. ಆರು ಜನ ಒಂದೇ ಪಿಎನ್‌ಆರ್‌ನಲ್ಲಿದ್ದರೂ 50. ಅಂದರೆ ಬ್ಯಾಟರಿಯ ಸಾವಿಗೆ ಒಂದು ಬೋಗಿಯಲ್ಲಿ ಒಂದು ಬೆಲೆ, ಇನ್ನೊಂದರಲ್ಲಿ ಇನ್ನೊಂದು. ಬಡವರ ಬೋಗಿಯಲ್ಲಿ ಜಾಸ್ತಿ, ಅದು ಹೇಳಬೇಕಾಗಿಲ್ಲ ಅಲ್ವಾ?

ಆದರೆ ರಿಸರ್ವ್ ಬೋಗಿಯ ಪ್ರಾಣ ಗುರುತಿನ ಚೀಟಿಯಲ್ಲಿದೆ. ಆರು ಜನರಲ್ಲಿ ಒಬ್ಬರದ್ದಿದ್ದರೂ ಸಾಕು, ಯಾರದ್ದೂ ಇಲ್ಲದಿದ್ದರೆ ಆರೂ ಜನ ಟಿಕೆಟ್ ಇಲ್ಲದವರು. ಅದೂ ಅಸಲಿ ಬೇಕು, ಝೆರಾಕ್ಸ್ ಬೇಡ. 'ಆಧಾರ್ ಡಿಜಿಲಾಕರ್‌ನಲ್ಲಿದೆಯಲ್ಲಾ' ಅಂತ ಮಗ ಹೇಳುತ್ತಾನೆ. ಹೌದು, 2018ರಿಂದ ರೈಲ್ವೆ ಅದನ್ನು ಒಪ್ಪುತ್ತದೆ. ಆಧಾರ್ ಮತ್ತು ಡ್ರೈವಿಂಗ್ ಲೈಸೆನ್ಸ್, ಅದೂ `Issued Documents` ಅನ್ನೋ ಕಡೆ ಇರೋದು ಮಾತ್ರ. ನೀವೇ ಫೋಟೋ ತೆಗೆದು ಸೇರಿಸಿದ್ದು ಸರ್ಕಾರದ ಲಾಕರ್‌ನಲ್ಲೇ ಇದ್ದರೂ ಸರ್ಕಾರ ನಂಬಲ್ಲ. ನಮ್ಮ ಬೀರುವಿನಲ್ಲಿ ನಾವೇ ಇಟ್ಟ ವಸ್ತುವಿಗೆ ಮಾಲೀಕರು ಯಾರು ಅಂತ ಬೀರುವೇ ಕೇಳಿದ ಹಾಗೆ.

ಸರಿ, ಟಿಕೆಟ್ ಮೊಬೈಲಿನಲ್ಲಿ, ಗುರುತೂ ಮೊಬೈಲಿನಲ್ಲಿ, ದಂಡ ಕಟ್ಟೋ ದುಡ್ಡೂ ಮೊಬೈಲಿನಲ್ಲಿ. ಒಂದು ಬ್ಯಾಟರಿ ಹೋದರೆ ಮೂರೂ ಹೋಯಿತು. ದಸರಾ ಜಂಬೂ ಸವಾರಿ ದಿನ ಮೈಸೂರಿನ ಜನಜಂಗುಳಿಯಲ್ಲಿ ನಿಂತು ಡಿಜಿಲಾಕರ್ ತೆರೆಯಲು ನೋಡಿದವರಿಗೆ ಗೊತ್ತು, ಚಾರ್ಜ್ ನೂರಕ್ಕೆ ನೂರಿದ್ದರೂ ಅದು ಸುಮ್ನೆ ಸುತ್ತುತ್ತಿರುತ್ತದೆ. ಅಷ್ಟು ಹೊತ್ತಿಗೆ ಆನೆ ಬನ್ನಿಮಂಟಪ ಸೇರಿರುತ್ತದೆ.

ಪೆಟ್ಟು ತಿಂದ ಮೇಷ್ಟ್ರು ಪಾಠ ಕಲಿತರು, ಜಾಸ್ತಿಯೇ ಕಲಿತರು. ಮುಂದಿನ ತಿಂಗಳು ಮಗಳ ಮನೆಗೆ ಚೆನ್ನೈಗೆ ಹೊರಟಾಗ ಅದೇ ಕಾವೇರಿಯಲ್ಲಿ ಸ್ಲೀಪರ್ ರಿಸರ್ವ್ ಮಾಡಿಸಿದರು. ಸೈಬರ್ ಸೆಂಟರ್‌ನಲ್ಲಿ ಟಿಕೆಟ್ ಪ್ರಿಂಟ್ ತೆಗೆಸಿದರು. ಇ-ಆಧಾರ್ ಡೌನ್‌ಲೋಡ್ ಮಾಡಿದರೆ ಪಾಸ್‌ವರ್ಡ್ ಕೇಳಿತು. ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ, ಜೊತೆಗೆ ಹುಟ್ಟಿದ ವರ್ಷ, ಉದಾಹರಣೆಗೆ `RAJA1958`. ಅಂಗಡಿ ಹುಡುಗನಿಗೆ ಅದೆಲ್ಲ ಬಾಯಿಪಾಠ, ಹುಟ್ಟಿದ ವರ್ಷ ಒಂದು ಕೇಳಿದ. ಅದನ್ನೂ ಪ್ರಿಂಟ್ ತೆಗೆದರು. ಪರ್ಸಿನಲ್ಲಿ ಅಸಲಿ ವೋಟರ್ ಐಡಿ. ಜೇಬಿನಲ್ಲಿ ಒಂದು ಚೀಟಿ, ಅದರಲ್ಲಿ ಹತ್ತಂಕಿಯ ಪಿಎನ್‌ಆರ್, ಬೋಗಿ, ಬರ್ತ್ ನಂಬರ್. ಚೀಟಿ ಟಿಕೆಟ್ ಅಲ್ಲ, ಆದರೆ ಚಾರ್ಟ್‌ನಲ್ಲಿ ಹೆಸರು ಬೇಗ ಹುಡುಕಲು ಸಹಾಯ. ಐನೂರರ ನೋಟು ಒಂದು, ಐವತ್ತರದ್ದು ಎರಡು. ಎಲ್ಲದರ ಮೇಲೆ ಇಟ್ಟಿಗೆ ಗಾತ್ರದ ಪವರ್ ಬ್ಯಾಂಕ್. ಮೊಬೈಲ್ ಇಲ್ಲದ ಕಾಲದಲ್ಲಿ ಅವರು ಚೆನ್ನೈಗೆ ಹೋಗುವಾಗ ಇಷ್ಟು ಕಾಗದ ಹೊತ್ತಿರಲಿಲ್ಲ.

ರಾತ್ರಿ ಮದ್ದೂರು ದಾಟಿದ ಮೇಲೆ ಟಿಸಿ ಬಂದರು. ಮೇಷ್ಟ್ರು ಫೈಲ್ ಬಿಚ್ಚಿ ತೊಡೆಯ ಮೇಲೆ ಜೋಡಿಸಿಕೊಂಡರು. ಟಿಸಿ ಕೈಯ ಯಂತ್ರ ನೋಡಿ, ಬರ್ತ್ ನಂಬರ್ ನೋಡಿ, 'ಒಬ್ಬರೇನಾ? ಸರಿ' ಅಂದು ಟಿಕ್ ಹಾಕಿ ಮುಂದಕ್ಕೆ ಕಾಲಿಟ್ಟರು.

'ಸಾರ್, ಐಡಿ ನೋಡಿ' ಅಂದರು ಮೇಷ್ಟ್ರು.

'ಬೇಡ ಬಿಡಿ.'

'ಪ್ರಿಂಟೂ ಇದೆ.'

'ಇರ್ಲಿ ಮೇಷ್ಟ್ರೇ, ಮಲ್ಕೊಳಿ.'

'ಇಲ್ಲ, ನೀವು ನೋಡ್ಲೇಬೇಕು. ಬಣ್ಣದ ಪ್ರಿಂಟು, ಇಪ್ಪತ್ತು ರೂಪಾಯಿ ಕೊಟ್ಟಿದ್ದೀನಿ.'

ಟಿಸಿ ನಿಂತರು. ಫೈಲನ್ನು ನೋಡಲಿಲ್ಲ. ಪಕ್ಕದಲ್ಲಿದ್ದ ಇಟ್ಟಿಗೆಯನ್ನು ನೋಡಿದರು.

'ನನ್ನ ಮೆಷಿನ್ ಎರಡು ಪರ್ಸೆಂಟ್‌ಗೆ ಬಂದಿದೆ' ಅಂದರು. 'ಬೆಂಗಳೂರಿನವರೆಗೆ ಅದನ್ನ ಸ್ವಲ್ಪ ಕೊಡ್ತೀರಾ?'