ಸರ್ವೇ ಪ್ರಾಕ್ಟಿಕಲ್‌ನ ಕನಸು

ಭಾನುವಾರ ಬೆಳಿಗ್ಗೆ ಎದ್ದವಳೇ ಡೈರಿಯಲ್ಲಿ ಗೀಚಿಟ್ಟದ್ದು. ಆಮೇಲೆ ಹೊಳೆದದ್ದನ್ನೂ ಸೇರಿಸಿ ಇಲ್ಲಿ ಹಾಕುತ್ತಿದ್ದೇನೆ.

ಕನಸಿನಲ್ಲಿ ಪೊನ್ನಂಪೇಟೆ ಕಡೆಯ ನಮ್ಮ ಕಾಲೇಜಿನ ಮೈದಾನ. ಸರ್ವೇ ಪ್ರಾಕ್ಟಿಕಲ್ ಪರೀಕ್ಷೆ ನಡೀತಿದೆ. ಕಕ್ಕಡದ ಮಳೆ ಸುರಿಯುತ್ತಿದೆ, ಬೇಲಿಯಾಚೆಯ ತೋಟದಲ್ಲಿ ಮಾತ್ರ ಕಾಫಿ ಹೂ ಬಿಟ್ಟು ಬೆಳ್ಳಗಿದೆ. ಜುಲೈ ಮಳೆಯಲ್ಲಿ ಎಲ್ಲಿಯ ಕಾಫಿ ಹೂ ಎಂದು ನನಗೂ ಅನ್ನಿಸಲಿಲ್ಲ, ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಎಕ್ಸ್‌ಟರ್ನಲ್‌ಗೂ ಅನ್ನಿಸಲಿಲ್ಲ. ನೆಲದ ಏರುತಗ್ಗು ಅಳೆಯುವ ಹಳೇ ಡಂಪಿ ಲೆವೆಲ್‌ನಲ್ಲಿ ಕಣ್ಣಿಟ್ಟರೆ ಎದುರಿನ ಅಳತೆಕೋಲು, ಅಂದರೆ ಸ್ಟಾಫ್, ತಲೆಕೆಳಗಾಗಿ ಕಾಣುತ್ತದೆ, ಅದು ನಿಜ ಜೀವನದಲ್ಲೂ ಹಾಗೆಯೇ. ಆದರೆ ಇಲ್ಲಿ 1.235 ಎಂದು ಓದಿ, ಬರೆದು, ಮತ್ತೆ ನೋಡಿದರೆ 2.135. ಇನ್ನೊಮ್ಮೆ ನೋಡಿದರೆ ಬೇರೆಯೇ. ಅಲುಗದು ಎಂದು ನಂಬಿ 100.000 ಎತ್ತರ ಕೊಟ್ಟ ಗುರುತು, ಅಂದರೆ ಬೆಂಚ್‌ಮಾರ್ಕ್, ಅಲ್ಲಿಂದ ಹೊರಟ ಲೆವೆಲ್ ಸುತ್ತಿ ಬಂದು ಅದಕ್ಕೇ ಕೂಡಬೇಕಲ್ಲ, ಕೂಡುತ್ತಲೇ ಇಲ್ಲ. ಬ್ಯಾಕ್‌ಸೈಟ್‌ಗಳ ಮೊತ್ತದಿಂದ ಫೋರ್‌ಸೈಟ್‌ಗಳ ಮೊತ್ತ ಕಳೆಯುತ್ತೇನೆ, ಪ್ರತಿ ಸಲವೂ ಉತ್ತರ ಬೇರೆ. ಎಕ್ಸ್‌ಟರ್ನಲ್ ಏನೂ ಹೇಳದೆ ಗಡಿಯಾರ ನೋಡುತ್ತಿದ್ದಾರೆ. ಎಚ್ಚರವಾಯಿತು.

ಅಮ್ಮನಿಗೆ ಫೋನ್ ಮಾಡಿದೆ. ಇಲ್ಲಿ ಜರ್ಮನಿಯಲ್ಲಿ ಆಗಷ್ಟೇ ಬೆಳಕಾಗುತ್ತಿತ್ತು, ಗೋಣಿಕೊಪ್ಪಲಿನಲ್ಲಿ ಅವರ ತಿಂಡಿ ಮುಗಿದಿತ್ತು. "ಎಂತ ಮಗಾ, ಬೆಳಗಿನ ಜಾವ ಬಿದ್ದ ಕನಸಾ? ಹಾಗಾದ್ರೆ ಸುಳ್ಳಾಗೋದಿಲ್ಲ. ಕೆಲಸದಲ್ಲಿ ಜಾಗ್ರತೆ" ಅಂದರು.

ಬೆಳಗಿನ ಜಾವದ ಕನಸು ಫಲಿಸುತ್ತದೆ ಎಂಬ ಮಾತು ಎಲ್ಲರ ಮನೆಯಲ್ಲೂ ಇದೆ. ನನ್ನ ಪ್ರಕಾರ ಅದರ ಹಿಂದೆ ಇರುವುದು ನಿದ್ದೆಯ ಲೆಕ್ಕ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಕಣ್ಣುಗುಡ್ಡೆ ಪಟಪಟ ಓಡುವ ನಿದ್ದೆ ಬರುತ್ತದೆ. ಇದನ್ನು 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿ ಪ್ರಕಟಿಸಿದರು. ರಾತ್ರಿಯ ಮೊದಲ ಸುತ್ತಿನಲ್ಲಿ ಅದು ಕೆಲವೇ ನಿಮಿಷ, ಬೆಳಗಿನ ಹೊತ್ತಿಗೆ ಉದ್ದವಾಗುತ್ತಾ ಹೋಗುತ್ತದೆ. ಕಥೆಯಂತೆ ಸಾಗುವ ಕನಸು ಹೆಚ್ಚಾಗಿ ಬೀಳುವುದು ಅದರಲ್ಲೇ. ಅದರ ನಡುವೆ ಎಚ್ಚರವಾದರೆ ಕನಸು ನೆನಪಿರುತ್ತದೆ, ಇಲ್ಲದಿದ್ದರೆ ಅಳಿಸಿ ಹೋಗುತ್ತದೆ. ನೆನಪಿರುವ ಕನಸುಗಳೆಲ್ಲ ಬೆಳಗಿನವೇ ಆದಾಗ, ನಿಜವಾದವೂ ಬೆಳಗಿನವೇ ಆಗಿರಬೇಕಲ್ಲ! ಜುಲೈಯ ಕಾಫಿ ಹೂವನ್ನು ಯಾರೂ ಪ್ರಶ್ನಿಸದಿದ್ದದ್ದೂ ಆ ನಿದ್ದೆಯ ಗುಣವೇ. ಹಣೆಯ ಹಿಂದಿರುವ, ಸರಿತಪ್ಪು ತೂಗುವ ಮಿದುಳಿನ ಭಾಗ ಆಗ ಮಂಕಾಗಿರುತ್ತದೆ.

ನಮ್ಮ ಹಿರಿಯರೂ ಎಲ್ಲ ಕನಸಿಗೂ ಫಲ ಕಟ್ಟಿದವರಲ್ಲ. ಚರಕಸಂಹಿತೆಯಲ್ಲಿ ಕನಸು ಏಳು ಬಗೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ದೋಷಗಳಿಂದ ಹುಟ್ಟಿದ್ದು. ಇವುಗಳಲ್ಲಿ ಮೊದಲ ಐದಕ್ಕೆ ಫಲವಿಲ್ಲ ಎಂದು ವೈದ್ಯ ತಿಳಿಯಬೇಕು ಎಂದಿದೆ. ನನ್ನದು ಕಂಡದ್ದು ಮತ್ತು ಅನುಭವಿಸಿದ್ದರ ಕಲಸು. ಕಾಫಿ ಹೂವಂತೂ ಅಮ್ಮನೇ ಹಿಂದಿನ ವಾರ ಕಳಿಸಿದ ಫೋಟೋ, ಈ ಸಲ ಹೂ ಮಳೆ ಚೆನ್ನಾಗಿ ಬಂತು ಎಂಬ ಸಂತೋಷಕ್ಕೆ. ಹಿಂದಿನ ದಿನದ ಸಂಗತಿ ಕನಸಿಗೆ ಬರುವುದು ಎಲ್ಲರಿಗೂ ಗೊತ್ತು. ಐದಾರು ದಿನ ಬಿಟ್ಟು ಮತ್ತೆ ತಲೆ ಎತ್ತುವುದೂ ಉಂಟು ಎಂದು ನಿದ್ದೆಯ ಸಂಶೋಧಕರು ಕಂಡಿದ್ದಾರೆ.

ಆದರೆ ಪರೀಕ್ಷೆಯೇ ಯಾಕೆ? ಡಿಗ್ರಿ ಕೈಗೆ ಬಂದು ವರ್ಷಗಳಾದವು. ಈ ಪ್ರಶ್ನೆ ಫ್ರಾಯ್ಡ್‌ಗೂ ಕಾಡಿತ್ತು. ವಿಲ್ಹೆಲ್ಮ್ ಸ್ಟೆಕೆಲ್ ಎಂಬ ವೈದ್ಯ ಅವನಿಗೊಂದು ಸಂಗತಿ ತೋರಿಸಿದ: ಶಾಲೆಯ ಕೊನೆಯ ಪರೀಕ್ಷೆಯ ಕನಸು ಬೀಳುವುದು ಪಾಸಾದವರಿಗೇ, ಫೇಲಾದವರಿಗೆ ಬೀಳುವುದಿಲ್ಲ. ಫ್ರಾಯ್ಡ್ ತನ್ನನ್ನೇ ನೋಡಿಕೊಂಡ. ಅವನು ಫೇಲಾಗಿದ್ದದ್ದು ನ್ಯಾಯವೈದ್ಯಶಾಸ್ತ್ರದಲ್ಲಿ, ಅದು ಕನಸಿಗೆ ಬಂದದ್ದೇ ಇಲ್ಲ. ಬರುತ್ತಿದ್ದದ್ದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ. ಜೊತೆಗೆ ಶಾಲೆಯ ಇತಿಹಾಸ, ಅದರಲ್ಲಂತೂ ಮೂರು ಪ್ರಶ್ನೆಗಳಲ್ಲಿ ನಡುವಿನದರ ಮೇಲೆ ಉಗುರಿನಿಂದ ಗೀರಿ 'ಇದೊಂದು ಬಿಡಿ ಸಾರ್' ಎಂದು ಮೇಷ್ಟರಿಗೆ ಸನ್ನೆ ಮಾಡಿ ಪಾರಾಗಿದ್ದನಂತೆ. (ನಮ್ಮ ವೈವಾದಲ್ಲಿ ಇದು ನಡೆಯುತ್ತಿರಲಿಲ್ಲ ಬಿಡಿ.) ನಾಳೆ ಜವಾಬ್ದಾರಿಯ ಕೆಲಸವಿದ್ದಾಗ ಮನಸ್ಸು ಇಂಥ ಹಳೇ ಪರೀಕ್ಷೆ ತೆಗೆದು 'ಅವತ್ತೂ ಹೀಗೇ ಹೆದರಿದ್ದೆ, ಆದರೆ ದಾಟಿದೆ' ಎಂದು ಸಮಾಧಾನ ಹೇಳುತ್ತದೆ ಎಂಬುದು ಅವನ ವಿವರಣೆ.

ಇದನ್ನು ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿ ನೋಡಿದೆ. ಸರ್ವೇಯಲ್ಲಿ ಸಲೀಸಾಗಿ ಪಾಸಾದ ಇಬ್ಬರಿಗೆ ಅದೇ ಪ್ರಾಕ್ಟಿಕಲ್ ಈಗಲೂ ಬೀಳುತ್ತದಂತೆ. ಅಲ್ಲಿಗೆ ಸ್ಟೆಕೆಲ್ ಗೆದ್ದ. ಆದರೆ ಗಣಿತದಲ್ಲಿ ಬ್ಯಾಕ್ ಉಳಿಸಿಕೊಂಡು ಆಮೇಲೆ ತೆಗೆದ ಗೆಳತಿಗೆ ಬೀಳುವುದು ಅದೇ ಗಣಿತ, ಅದೂ ಫೇಲಾದ ಸಲದ ಹಾಲ್‌ಟಿಕೆಟ್ ಸಮೇತ. "ಸಮಾಧಾನ ಎಂತದ್ದು ಮಾರಾಯ್ತಿ, ಬೆವರಿಳಿದು ಏಳ್ತೇನೆ" ಎಂದಳು. ನನಗೂ ಸಮಾಧಾನವೇನೂ ಸಿಗಲಿಲ್ಲ. ಫ್ರಾಯ್ಡ್‌ನ ಮಾತಿನಲ್ಲಿ 'ನಾಳೆ ಜವಾಬ್ದಾರಿಯ ಕೆಲಸವಿದ್ದಾಗ' ಎಂಬ ಅರ್ಧವನ್ನು ನಾನು ಇಟ್ಟುಕೊಳ್ಳುತ್ತೇನೆ, ಉಳಿದರ್ಧ ಅವನಿಗೇ ಇರಲಿ.

ಪಾಸು ಫೇಲು ಬದಿಗಿಟ್ಟು, ಕನಸಿನಲ್ಲಿ ಹೆದರಿಸಿದ್ದು ಯಾವುದು ಎಂದು ಕೇಳಿಕೊಂಡೆ. ಮಳೆಯಲ್ಲ, ಎಕ್ಸ್‌ಟರ್ನಲ್ಲೂ ಅಲ್ಲ. ಲೆಕ್ಕ ಕೂಡದೇ ಇದ್ದದ್ದು. ಆಮೇಲೆ ಆ ವಾರದಲ್ಲಿ ಕೂಡದ ಲೆಕ್ಕ ಯಾವುದಿತ್ತು ಎಂದು ಹಿಂದಕ್ಕೆ ಹೋದರೆ ಶುಕ್ರವಾರ ಸಂಜೆಗೆ ಬಂದು ನಿಂತೆ. ಇಲ್ಲೊಂದು ತಡೆಗೋಡೆ ಎಷ್ಟು ಕುಸಿಯುತ್ತಿದೆ ಎಂದು ಅಳೆಯುವ ಕೆಲಸ ನಮ್ಮ ಆಫೀಸಿನದು. ಆ ಸಲದ ಶೀಟಿನಲ್ಲಿ ಗೋಡೆಯ ಎಲ್ಲ ಬಿಂದುಗಳೂ ಒಂದೇ ಸಮ ಮೇಲೆ ಎದ್ದಂತೆ ಕಾಣುತ್ತಿತ್ತು. ಗೋಡೆ ಹಾಗೆ ಇಡಿಯಾಗಿ ಏಳುವುದಿಲ್ಲ. ಎಲ್ಲವೂ ಒಂದೇ ಅಳತೆಯಲ್ಲಿ ಎದ್ದರೆ ಮೊದಲು ಅನುಮಾನಿಸಬೇಕಾದದ್ದು ಬೆಂಚ್‌ಮಾರ್ಕನ್ನು, ಕೆಳಗಿಳಿದಿರುವುದು ಅದೇ ಇರಬಹುದು. ಶೀಟಿನಲ್ಲಿ ಗುರುತು ಹಾಕಿ, ಸೋಮವಾರ ಕೇಳೋಣ ಎಂದು ಮನೆಗೆ ಬಂದಿದ್ದೆ.

ಕನಸಿಗೆ ಅದು ಮೊದಲೇ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ, ಗೊತ್ತಿದ್ದದ್ದು ನನಗೆ. ನನ್ನ ತಲೆಯಲ್ಲಿ 'ಲೆವೆಲ್ ಕೂಡದು' ಎಂಬ ಭಯ ಮೊದಲು ಹುಟ್ಟಿದ್ದು ಕಾಲೇಜಿನ ಮೈದಾನದಲ್ಲಿ, ಹೊಸ ಅನುಮಾನ ಹೋಗಿ ಅದೇ ಜಾಗದಲ್ಲಿ ಕೂತಿತು. ಕಾಲೇಜು ಕಂಡಿತು ಎಂದು ಮನೆ ನೆನಪಾಗಿದೆ, ವಾಪಸ್ ಬಾ ಎಂದು ಅರ್ಥ ಹೇಳುವವರಿದ್ದಾರೆ (ಅಮ್ಮನೂ ಹೇಳಿದರು). ಮನೆಯ ನೆನಪು ನನಗೆ ಹಾಡುಹಗಲೇ ಬರುತ್ತದೆ, ಅದಕ್ಕೆ ಡಂಪಿ ಲೆವೆಲ್ ಬೇಕಿಲ್ಲ.

ಇಂಥ ಕನಸು ಅಪಶಕುನ ಎನ್ನುವವರಿಗೆ ಪ್ಯಾರಿಸ್‌ನ ಒಂದು ಸಮೀಕ್ಷೆ ಹೇಳಬೇಕು. ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದ ಏಳುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ 2014ರಲ್ಲಿ ಪ್ರಕಟಿಸಿದ್ದು. ಸುಮಾರು ನೂರರಲ್ಲಿ ಅರವತ್ತು ಮಂದಿಗೆ ಹಿಂದಿನ ರಾತ್ರಿ ಪರೀಕ್ಷೆಯ ಕನಸು ಬಿದ್ದಿತ್ತು, ಹೆಚ್ಚಿನವು ತಡವಾದದ್ದು, ಉತ್ತರ ಮರೆತದ್ದು ಇಂಥವೇ. ಆ ಕನಸು ಕಂಡವರ ಅಂಕ ಉಳಿದವರಿಗಿಂತ ಸ್ವಲ್ಪ ಮೇಲೆಯೇ ಇತ್ತು. ಕನಸು ಅಂಕ ಕೊಡಿಸಿತೋ, ಹೆಚ್ಚು ಓದಿದವರಿಗೆ ಹೆಚ್ಚು ಕನಸು ಬಿತ್ತೋ, ಅದರಿಂದ ಹೇಳಲಾಗದು. ಕೆಟ್ಟ ಕನಸು ಬಿದ್ದರೆ ಕೆಟ್ಟದ್ದಾಗುತ್ತದೆ ಎಂಬುದಂತೂ ನಿಲ್ಲುವುದಿಲ್ಲ.

ನನ್ನ ಓದೂ ತಪ್ಪಿರಬಹುದು. ಎದ್ದ ಮೇಲೆ ಹುಡುಕಿದರೆ ಯಾವ ಕನಸಿಗೂ ಯಾವುದಾದರೂ ಕಾರಣ ಸಿಕ್ಕೇ ಸಿಗುತ್ತದೆ. ಅದಕ್ಕೇ ಮೊಬೈಲ್ ಮುಟ್ಟುವ ಮೊದಲು ಕನಸನ್ನಷ್ಟೇ ಬರೆಯುತ್ತೇನೆ, ಅರ್ಥವನ್ನು ಸಂಜೆಗೆ ಬಿಡುತ್ತೇನೆ. ಸಂಜೆ ಹೊಳೆದ ಅರ್ಥ ಹಿಂದಿನ ತಿಂಗಳ ಬೇರೊಂದು ಕನಸಿಗೂ ಅಷ್ಟೇ ಚೆನ್ನಾಗಿ ಹೊಂದಿದರೆ ಹೊಡೆದುಹಾಕುತ್ತೇನೆ. 'ಕೆಲಸದ ಒತ್ತಡ' ಎಂಬ ಅರ್ಥ ಹಾಗೇ ಹೋಯಿತು, ಅದು ಎಲ್ಲದಕ್ಕೂ ಹೊಂದುತ್ತದೆ. ಬೆಂಚ್‌ಮಾರ್ಕ್ ಉಳಿದುಕೊಂಡಿತು.

ಬ್ಯಾಚಿನವರೇ, ಕಾಲೇಜಿನ ಕನಸು ಬಿದ್ದರೆ ಅರ್ಥ ಕಳಿಸಬೇಡಿ. ಯಾವ ಪೇಪರ್, ಯಾವ ಹಾಲ್, ಆ ವಾರ ನಿಮ್ಮ ಮೇಜಿನ ಮೇಲೆ ಯಾವ ಕೆಲಸ ಅರ್ಧಕ್ಕೆ ನಿಂತಿತ್ತು, ಇಷ್ಟು ಬರೆಯಿರಿ. ಗಣಿತದವಳೇ, ನೀನು ಮೊದಲು.